ನಕ್ಷೆಯಲ್ಲಿ ಒಂದೇ ಗೆರೆ, ಪೆಟ್ಟಿಗೆಯಲ್ಲಿ ನಾಲ್ಕು ಫ್ಯೂಸ್

ಈ ಕಾಗದ ನನ್ನ ಹತ್ತಿರ ಕೆಲಸ ಕಲಿಯುತ್ತಿರುವ ಹುಡುಗನಿಗೆ ಬರೆದದ್ದು. ಕೊಡಗಿನಲ್ಲಿ ಹಳೆ ಮನೆಗಳನ್ನು ಹೋಂಸ್ಟೇ ಮಾಡುತ್ತಿರುವವರಿಗೂ, ಅಂಥ ಮನೆಗಳ ವೈರಿಂಗ್‌ಗೆ ಕೈ ಹಾಕುವವರಿಗೂ ಇದು ಗೊತ್ತಿರಬೇಕು ಅನ್ನಿಸಿ ಎಲ್ಲರ ಮುಂದೆ ಇಡುತ್ತಿದ್ದೇನೆ.

ತಮ್ಮಾ,

ನೀನು ನಿನ್ನೆ ಕಳಿಸಿದ ಫೋಟೋ ನೋಡಿದೆ. ತೋಟದ ಮನೆಯ ಮೀಟರ್ ಬೋರ್ಡಿನ ಬಾಗಿಲಿಗೆ ಅಂಟಿಸಿದ ಸಿಂಗಲ್ ಲೈನ್ ಡಯಾಗ್ರಾಮ್, ಅಲ್ವಾ? "ಅಣ್ಣ, ಎಲ್ಲ ಸರಿ ಇದೆ ಅನ್ಸುತ್ತೆ, ನಾಳೆ ಹೊಸ ಡಿಬಿ ಕೂರಿಸಿಬಿಡ್ಲಾ?" ಅಂತ ಕೇಳಿದ್ದೀಯ. ಬೇಡ, ಈ ಕಾಗದ ಪೂರ್ತಿ ಓದುವವರೆಗೆ ಸ್ಕ್ರೂಡ್ರೈವರ್ ಎತ್ತಬೇಡ. ಇಂಥದೇ ಒಂದು ಫೋಟೋ ನೋಡಿ, ಇದೇ ಮಾತನ್ನು ನಾನೂ ಹೇಳಿದ್ದೆ. ಅದರಿಂದ ಏನಾಯಿತು ಅಂತ ಮುಂದೆ ಹೇಳುತ್ತೇನೆ.

ಮೊದಲು ನಿನ್ನ ಫೋಟೋ. ಮೇಲಿಂದ ಕೆಳಗೆ ಒಂದು ಗೆರೆ ಬರುತ್ತದೆ. ಕಂಬದಿಂದ ಸರ್ವೀಸ್ ವೈರ್, ಆಮೇಲೆ ಮೀಟರ್, ಆಮೇಲೆ ಉದ್ದ ಚೌಕದ ಒಳಗೆ ಗೆರೆ ಎಳೆದ ಗುರುತು, ಅದು ಫ್ಯೂಸ್. ಅದರ ಕೆಳಗೆ ಮೇನ್ ಸ್ವಿಚ್, ಜನರೇಟರಿನ ಚೇಂಜ್‌ಓವರ್, ಕೊನೆಗೆ ಡಿಬಿ, ಅಂದರೆ ಮನೆಯೊಳಗೆ ಕರೆಂಟ್ ಹಂಚುವ ಬೋರ್ಡು. ಅಲ್ಲಿಂದ ಕವಲೊಡೆದು ಒಂದೊಂದು ಎಂಸಿಬಿಗೆ ಹೋಗುತ್ತದೆ. ಕರೆಂಟ್ ಯಾವ ದಾರಿಯಲ್ಲಿ ಬರುತ್ತದೆ, ಯಾವುದರ ನಂತರ ಯಾವುದು ಅಂತ ಈ ನಕ್ಷೆ ಹೇಳುತ್ತದೆ. ಅಷ್ಟು ನೀನು ಸರಿಯಾಗಿಯೇ ಓದಿದ್ದೀಯ.

ಆದರೆ ಆ ಒಂದು ಗೆರೆ ಒಂದು ವೈರ್ ಅಲ್ಲ. ಆ ಮನೆಗೆ ತ್ರೀ ಫೇಸ್ ಸಪ್ಲೈ ಇದೆ. ಅಂದರೆ ಆರ್, ವೈ, ಬಿ ಅಂತ ಮೂರು ಫೇಸ್, ಕರೆಂಟ್ ವಾಪಸ್ಸು ಹೋಗುವ ಒಂದು ನ್ಯೂಟ್ರಲ್, ನಾಲ್ಕೂ ಆ ಒಂದೇ ಗೆರೆಯೊಳಗೆ ಇವೆ. ಗೆರೆಯ ಮೇಲೆ ಓರೆಯಾಗಿ ಸಣ್ಣ ಗೀಟುಗಳಿರುತ್ತವೆ, ನೋಡು. ಎಷ್ಟು ಗೀಟೋ ಅಷ್ಟು ವೈರ್. ಕೆಲವರು ಒಂದೇ ಗೀಟು ಹಾಕಿ ಪಕ್ಕದಲ್ಲಿ 4 ಅಂತ ಬರೆಯುತ್ತಾರೆ. ಶಿಸ್ತಾಗಿ ಬರೆದ ನಕ್ಷೆಯಲ್ಲಿ ನ್ಯೂಟ್ರಲ್ ಗೀಟಿನ ತುದಿಗೆ ಒಂದು ಚುಕ್ಕಿ, ಅರ್ಥ್ ಗೀಟಿನ ತುದಿಗೆ ಚಿಕ್ಕ ಅಡ್ಡಗೆರೆ ಇರುತ್ತದೆ. ನಿನ್ನ ಫೋಟೋದಲ್ಲಿ ಸರಿಯಾಗಿ ಆ ಜಾಗದ ಮೇಲೆ ಫ್ಲ್ಯಾಶ್ ಬೆಳಕು ಬಿದ್ದಿದೆ. ಮೂರು ಗೀಟೋ ನಾಲ್ಕೋ ನನಗೆ ಕಾಣುತ್ತಿಲ್ಲ. ನಿನಗೂ ಕಂಡಿರಲ್ಲ, ಊಹೆ ಮಾಡಿದ್ದೀಯ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಗೀಟು ನಾಲ್ಕು ಅಂತ ಗೊತ್ತಾದರೂ ಫ್ಯೂಸ್ ಗುರುತು ಒಂದೇ. ಆ ಒಂದು ಗುರುತಿನ ಅರ್ಥ ಮೂರು ಫೇಸಿಗೆ ಮೂರು ಫ್ಯೂಸ್, ನ್ಯೂಟ್ರಲ್‌ಗೆ ನೇರ ಲಿಂಕ್ ಅಂತ ಇರಬಹುದು. ನಾಲ್ಕೂ ವೈರಿಗೆ ಫ್ಯೂಸ್ ಅಂತಲೂ ಇರಬಹುದು. ಬರೀ ನಕ್ಷೆ ನೋಡಿ ಅದನ್ನು ಹೇಳಲಿಕ್ಕೆ ಆಗಲ್ಲ. ನಾನು ಎಡವಿದ್ದು ಇಲ್ಲೇ.

ನಾಪೋಕ್ಲು ಕಡೆಯ ಒಂದು ಹಳೆ ಮನೆ ಅದು. ಹೋಂಸ್ಟೇ ಮಾಡುವ ಮೊದಲು ಒಮ್ಮೆ ನೋಡಿ ಅಂತ ಯಜಮಾನರು ನಕ್ಷೆಯ ಫೋಟೋ ಕಳಿಸಿದರು. ಕಕ್ಕಡದ ಮಳೆ, ದಾರಿಗೆ ಮರ ಬಿದ್ದಿತ್ತು, ಹೋಗಲಿಕ್ಕೆ ಆಗಲಿಲ್ಲ. ಫೋನಿನಲ್ಲೇ ಫೋಟೋ ದೊಡ್ಡದು ಮಾಡಿ ನೋಡಿದೆ. ಮೀಟರ್, ಫ್ಯೂಸ್, ಮೇನ್ ಸ್ವಿಚ್, ಎಲ್ಲ ಕ್ರಮವಾಗಿ ಇತ್ತು. "ಸರಿ ಇದೆ, ಗೀಸರ್ ಹಾಕಿಸಿ, ತೊಂದರೆ ಇಲ್ಲ" ಅಂದೆ. ಅವರು ಹಾಕಿಸಿದರು. ಎರಡು ವಾರ ಕಳೆದ ಮೇಲೆ ಒಂದು ರಾತ್ರಿ ಫೋನ್ ಬಂತು. ಅಡುಗೆಮನೆ ಕಡೆಯ ಬಲ್ಬುಗಳು ಕಣ್ಣು ಕುಕ್ಕುವಷ್ಟು ಉರಿದು ಹೋದವಂತೆ, ಟಿವಿಯಿಂದ ಹೊಗೆ ಬಂತಂತೆ, ಫ್ರಿಜ್ ನಿಂತಿತಂತೆ. ಬಚ್ಚಲು ಕಡೆಯ ಲೈಟು ಮಾತ್ರ ಮಂಕಾಗಿ ಉರಿಯುತ್ತಿದೆ ಅಂದರು. ಲೈನಿನಲ್ಲೇ ವೋಲ್ಟೇಜ್ ಜಾಸ್ತಿ ಬಂದಿರಬೇಕು ಅಂದುಕೊಂಡೆ. ಅದು ನನ್ನ ಎರಡನೇ ತಪ್ಪು. ಲೈನಿನಲ್ಲಿ ವೋಲ್ಟೇಜ್ ಏರಿದ್ದರೆ ಬಚ್ಚಲ ಲೈಟು ಯಾಕೆ ಮಂಕಾಗಬೇಕು? ಆ ಪ್ರಶ್ನೆ ನನಗೆ ಆಗಲೇ ಬರಬೇಕಿತ್ತು.

ಮೀಟರ್ ಆದ ಮೇಲಿನ ಆ ಹಳೆ ಪೆಟ್ಟಿಗೆಯಲ್ಲಿ ಮೂರಲ್ಲ, ನಾಲ್ಕು ಕಿಟ್‌ಕ್ಯಾಟ್ ಫ್ಯೂಸ್ ಇದ್ದವು, ಪಿಂಗಾಣಿಯ ಹಳೆ ತಂತಿ ಫ್ಯೂಸ್. ನಾಲ್ಕನೆಯದು ನ್ಯೂಟ್ರಲ್‌ಗೆ. ಯಾವ ಕಾಲದಲ್ಲೋ ಯಾರೋ ಹಾಕಿದ್ದು. ಮೂರು ಫೇಸಿನಲ್ಲೂ ಲೋಡ್ ಸಮನಾಗಿದ್ದರೆ ನ್ಯೂಟ್ರಲ್‌ನಲ್ಲಿ ಕರೆಂಟ್ ಹೆಚ್ಚು ಹರಿಯಲ್ಲ. ಮನೆಯಲ್ಲಿ ಎಲ್ಲಿ ಸಮ ಇರುತ್ತದೆ? ಒಂದೇ ಫೇಸಿನಲ್ಲಿ ಗೀಸರ್ ಹಾಕಿದರೆ ಆ ಕರೆಂಟ್ ಹೆಚ್ಚುಕಮ್ಮಿ ಪೂರ್ತಿ ನ್ಯೂಟ್ರಲ್ ಮೂಲಕ ವಾಪಸ್ಸು ಬರಬೇಕು. ದಿನಾ ಕಾದು ಆರಿ, ಮಳೆಗಾಲದ ತೇವಕ್ಕೆ ಕಿಲುಬು ಹಿಡಿದಿದ್ದ ಆ ಫ್ಯೂಸ್ ತಂತಿ ಅವತ್ತು ತುಂಡಾಯಿತು. ಫೇಸಿನ ಮೂರು ಫ್ಯೂಸ್ ಹಾಗೇ ಇದ್ದವು.

ನ್ಯೂಟ್ರಲ್ ಹೋದರೆ ವಸ್ತು ಆಫ್ ಆಗಬೇಕಲ್ವಾ, ಸುಡುವುದು ಯಾಕೆ ಅಂತ ನೀನು ಕೇಳುತ್ತೀಯ. ಮನೆಗೆ ಬರುವುದು ಸಿಂಗಲ್ ಫೇಸ್ ಆಗಿದ್ದರೆ ನಿನ್ನ ಮಾತು ಸರಿ. ತ್ರೀ ಫೇಸ್‌ನಲ್ಲಿ ಹಾಗಲ್ಲ. ಅವತ್ತು ಆರ್ ಫೇಸಿನಲ್ಲಿ 2000 ವ್ಯಾಟಿನ ಗೀಸರ್, ವೈ ಫೇಸಿನಲ್ಲಿ ಟಿವಿ, ಫ್ರಿಜ್, ದೀಪ ಎಲ್ಲ ಸೇರಿ ಸುಮಾರು 200 ವ್ಯಾಟ್. ಬಿ ಫೇಸಿನಲ್ಲಿ ಏನೂ ಉರಿಯುತ್ತಿರಲಿಲ್ಲ. ನ್ಯೂಟ್ರಲ್ ಇರುವಾಗ ಎರಡಕ್ಕೂ ಬೇರೆ ಬೇರೆ 230 ವೋಲ್ಟ್. ನ್ಯೂಟ್ರಲ್ ತುಂಡಾದಾಗ ಕರೆಂಟಿಗೆ ವಾಪಸ್ಸು ಹೋಗುವ ದಾರಿ ಇಲ್ಲ. ಆರ್ ಫೇಸಿನಿಂದ ಗೀಸರ್ ದಾಟಿ, ಡಿಬಿಯ ನ್ಯೂಟ್ರಲ್ ಪಟ್ಟಿಗೆ ಬಂದು, ಅಲ್ಲಿಂದ ಟಿವಿ, ಫ್ರಿಜ್ ಹೊಕ್ಕು ವೈ ಫೇಸಿಗೆ ಹೋಗುತ್ತದೆ. ಎರಡೂ ಲೋಡ್ ಒಂದರ ಹಿಂದೆ ಒಂದು ಸರಣಿಯಲ್ಲಿ ನಿಂತವು. ಈಗ ಅವುಗಳ ನಡುವೆ ಇರುವುದು ಫೇಸಿನಿಂದ ಫೇಸಿಗೆ 400 ವೋಲ್ಟ್.

ಆ 400 ಹೇಗೆ ಹಂಚಿಕೆ ಆಗುತ್ತದೆ ನೋಡು. ಗೀಸರಿನ ರೆಸಿಸ್ಟೆನ್ಸ್ ಸುಮಾರು 26 ಓಮ್. 200 ವ್ಯಾಟಿನದು ಅದರ ಹತ್ತು ಪಟ್ಟು. ಒಟ್ಟು ಹನ್ನೊಂದು ಪಾಲು. ಗೀಸರಿಗೆ ಒಂದು ಪಾಲು, 36 ವೋಲ್ಟ್. ಟಿವಿ, ಫ್ರಿಜ್ ಕಡೆಗೆ ಹತ್ತು ಪಾಲು, 364 ವೋಲ್ಟ್. ಟಿವಿ, ಫ್ರಿಜ್ ಗೀಸರಿನ ಹಾಗೆ ನೇರ ಲೆಕ್ಕಕ್ಕೆ ಸಿಗುವ ವಸ್ತುಗಳಲ್ಲ, ಆದರೂ ಸುಟ್ಟಿದ್ದು ಯಾಕೆ ಅಂತ ತಿಳಿಯಲಿಕ್ಕೆ ಇಷ್ಟು ಸಾಕು. ಹರಿದ ಕರೆಂಟು ಒಂದೂವರೆ ಆಂಪಿಯರಿಗಿಂತ ಕಡಿಮೆ. ಅಷ್ಟಕ್ಕೆ ಯಾವ ಎಂಸಿಬಿಯೂ ಬೀಳಲ್ಲ. ಚಿಕ್ಕ ಲೋಡ್ ಇರುವ ಕಡೆಯೇ ಸುಡುತ್ತದೆ, ದೊಡ್ಡ ಲೋಡ್ ಇರುವ ಕಡೆ ಮಂಕಾಗುತ್ತದೆ. ಇದು ಮನಸ್ಸಿನಲ್ಲಿರಲಿ.

ಬೆಳಿಗ್ಗೆ ಹೋದಾಗ ಆಗಿದ್ದನ್ನು ಬರೆಯಲಿಕ್ಕೆ ಕಷ್ಟವಾಗುತ್ತದೆ. ನನ್ನ ಜೊತೆ ಆಗ ಇನ್ನೊಬ್ಬ ಹುಡುಗ ಇದ್ದ, ನಿನ್ನದೇ ವಯಸ್ಸು. ಸುಟ್ಟ ಕಡೆಯ ಎಂಸಿಬಿ ಇಳಿಸಿದ, ಟೆಸ್ಟರ್ ಇಟ್ಟು ನೋಡಿದ, ಉರಿಯಲಿಲ್ಲ. ನ್ಯೂಟ್ರಲ್ ಪಟ್ಟಿಯ ಸ್ಕ್ರೂ ಸಡಿಲ ಇದೆಯಾ ಅಂತ ಕೈ ಹಾಕಿದ. ನ್ಯೂಟ್ರಲ್ ಹೊಡೆಯಲ್ಲ ಅಂತ ಅವನ ನಂಬಿಕೆ. ಹಾಗೆ ನಂಬಿಸಿದವನು ನಾನೇ. ಗೀಸರಿನ ಎಂಸಿಬಿ ಇಳಿಸಿರಲಿಲ್ಲ. ಆರ್ ಫೇಸ್ ಗೀಸರ್ ಮೂಲಕ ಆ ಪಟ್ಟಿಗೆ ಬಂದು ನಿಂತಿತ್ತು, ಪೂರ್ತಿ 230. ಅವನು ಸ್ಟೂಲಿನಿಂದ ಬಿದ್ದ. ಮಣಿಕಟ್ಟು ಮುರಿಯಿತು, ಜೀವ ಉಳಿಯಿತು. ಆ ಮನೆಯಲ್ಲಿ ಕರೆಂಟ್ ಸೋರಿದರೆ ಕಡಿಯುವ ಆರ್‌ಸಿಸಿಬಿ ಇರಲಿಲ್ಲ. 30 ಮಿಲಿಆಂಪಿಯರಿನದು ಒಂದು ಇದ್ದಿದ್ದರೆ ಅದು ಅವನ ಮೈಯಲ್ಲಿ ಹರಿದ ಕರೆಂಟನ್ನು ಆ ಕ್ಷಣದಲ್ಲೇ ಕಡಿಯುತ್ತಿತ್ತು. ಟಿವಿಯನ್ನು ಮಾತ್ರ ಅದೂ ಉಳಿಸುತ್ತಿರಲಿಲ್ಲ. ಒಂದು ಫೇಸಿನಲ್ಲಿ ಹೋದದ್ದು ಇನ್ನೊಂದು ಫೇಸಿನಲ್ಲಿ ಅಷ್ಟೇ ವಾಪಸ್ಸು ಬಂದರೆ ಆರ್‌ಸಿಸಿಬಿಗೆ ಎಲ್ಲ ಸರಿ ಇದ್ದಂತೆಯೇ ಕಾಣುತ್ತದೆ.

ನ್ಯೂಟ್ರಲ್‌ನಲ್ಲಿ ಒಂಟಿ ಫ್ಯೂಸ್ ಇರಬಾರದು ಅಂತ 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲೇ ಇತ್ತು. ನ್ಯೂಟ್ರಲ್ ಕಡಿಯುವುದಾದರೆ ಫೇಸಿನ ಜೊತೆಗೇ, ಒಂದೇ ಹಿಡಿಯಲ್ಲಿ, ಒಟ್ಟಿಗೆ ಕಡಿಯುವ ಸ್ವಿಚ್ಚಿನಿಂದ ಮಾತ್ರ. ನಿನ್ನ ನಕ್ಷೆಯಲ್ಲಿರುವ ಚೇಂಜ್‌ಓವರಿಗೂ ಇದೇ ಮಾತು. ಅದು ನಾಲ್ಕು ಪೋಲಿನದಾದರೆ ನಾಲ್ಕನೇ ಪೋಲಿನ ಸ್ಕ್ರೂ ಬಿಗಿ ಇದೆಯಾ, ಸುಟ್ಟ ಬಣ್ಣ ಇದೆಯಾ ನೋಡಬೇಕು. ಅಲ್ಯುಮಿನಿಯಂ ಸರ್ವೀಸ್ ವೈರನ್ನು ಹಿತ್ತಾಳೆ ಟರ್ಮಿನಲ್ಲಿಗೆ ಸುಮ್ನೆ ತುರುಕಿದ್ದರೆ ಅಲ್ಲೇ ಅನುಮಾನ ಪಡು. ಅಲ್ಯುಮಿನಿಯಂ ಸ್ಕ್ರೂವಿನ ಒತ್ತಡಕ್ಕೆ ನಿಧಾನ ತಗ್ಗುತ್ತದೆ, ಮೇಲೆ ಪೊರೆ ಕಟ್ಟುತ್ತದೆ, ಸಡಿಲವಾಗಿ ಬಿಸಿಯಾಗುತ್ತದೆ. ನಮ್ಮ ಕಡೆಯ ಮಳೆಗೆ ಇದು ಇನ್ನೂ ಬೇಗ. ಎರಡು ಲೋಹಕ್ಕೂ ಹೊಂದುವ ಲಗ್ ಒತ್ತಿಯೇ ಕೂರಿಸಬೇಕು.

ನ್ಯೂಟ್ರಲ್ ಪೂರ್ತಿ ತುಂಡಾಗುವ ಮೊದಲೇ ಗೊತ್ತು ಮಾಡಿಕೊಳ್ಳಬಹುದು. ಡಿಬಿಯಲ್ಲಿ ಮೂರೂ ಫೇಸಿನಿಂದ ನ್ಯೂಟ್ರಲ್‌ಗೆ ಮಲ್ಟಿಮೀಟರ್ ಹಿಡಿದು ವೋಲ್ಟೇಜ್ ಬರೆದುಕೋ. ಆಮೇಲೆ ಗೀಸರ್ ಆನ್ ಮಾಡಿಸಿ ಮತ್ತೆ ಬರೆದುಕೋ. ಗೀಸರ್ ಇರುವ ಫೇಸ್ ಸ್ವಲ್ಪ ಇಳಿಯುವುದು ಸಹಜ. ಅದು ಇಳಿಯುವ ಜೊತೆಗೆ ಬೇರೆ ಫೇಸ್ ಕಣ್ಣಿಗೆ ಕಾಣುವಷ್ಟು ಏರಿತು ಅಂದರೆ ನ್ಯೂಟ್ರಲ್ ಸಡಿಲ. ಹಾಗೇ ನ್ಯೂಟ್ರಲ್ ಮತ್ತು ಅರ್ಥ್ ನಡುವೆಯೂ ನೋಡು. ಒಂದೆರಡು ವೋಲ್ಟ್ ಇದ್ದರೆ ಹೆದರಬೇಡ. ಹತ್ತಾರು ವೋಲ್ಟ್ ಬಂದರೆ ಅಲ್ಲಿಗೇ ಕೆಲಸ ನಿಲ್ಲಿಸು. ಅರ್ಥ್ ಗುಂಡಿಯೇ ಕೆಟ್ಟಿದ್ದರೆ ಈ ಎರಡನೇ ಅಳತೆ ನಿನಗೆ ಸುಳ್ಳು ಹೇಳಬಹುದು, ಅದಕ್ಕೇ ಮೊದಲನೆಯದನ್ನು ಬಿಡಬಾರದು.

ನಾಳೆ ಹೀಗೆ ಮಾಡು. ಮೊದಲು ನಕ್ಷೆಯ ಫೋಟೋ ಮತ್ತೆ ತೆಗೆ. ಫ್ಲ್ಯಾಶ್ ಬೇಡ, ನೇರವಾಗಿ ನಿಂತು, ಹಾಳೆಯ ನಾಲ್ಕು ಮೂಲೆಯೂ ಬರಲಿ. ಕೆಳಗೆ ಸಣ್ಣ ಅಕ್ಷರದಲ್ಲಿ ಏನೋ ಬರೆದಿದೆ, ನಿನ್ನ ಫೋಟೋದಲ್ಲಿ ಅದು ಕತ್ತರಿಸಿ ಹೋಗಿದೆ. ಆಮೇಲೆ ಮೇಲೆ ಹೇಳಿದ ಅಳತೆ ತೆಗೆದುಕೋ. ಮೀಟರ್ ಪ್ರೋಬ್ ಬಿಟ್ಟು ಬೇರೇನೂ ಒಳಗೆ ಹೋಗಬಾರದು, ಬರೀ ಕೈ ತಾಗಲೇಬಾರದು. ಅದಾದ ಮೇಲೆ ಮೇನ್ ಇಳಿಸು, ಜನರೇಟರ್ ಸ್ಟಾರ್ಟ್ ಆಗದ ಹಾಗೆ ಬ್ಯಾಟರಿ ವೈರ್ ತೆಗೆಸು. ಫ್ಯೂಸ್ ಪೆಟ್ಟಿಗೆ ಮೇನ್ ಸ್ವಿಚ್ಚಿಗಿಂತ ಮೇಲೆ ಇದೆ, ಅಂದರೆ ಮೇನ್ ಇಳಿಸಿದರೂ ಅದರೊಳಗೆ ಕರೆಂಟ್ ಇದ್ದೇ ಇರುತ್ತದೆ. ಅದಕ್ಕೆ ಕೈ ಹಾಕಬೇಡ. ಮುಚ್ಚಳ ತೆರೆದು ಎಷ್ಟು ಕಿಟ್‌ಕ್ಯಾಟ್ ಇದೆ ಅಂತ ದೂರದಿಂದ ಎಣಿಸಿ ಒಂದು ಫೋಟೋ ಕಳಿಸು, ಅಷ್ಟೇ. ನಾಲ್ಕು ಇದ್ದರೆ ಸೆಕ್ಷನ್ ಆಫೀಸಿಗೆ ನಾನು ಫೋನ್ ಮಾಡುತ್ತೇನೆ. ಲೈನ್‌ಮ್ಯಾನ್ ಬಂದು ಕಂಬದಲ್ಲಿ ಕಡಿದ ಮೇಲೆ ನಾನೇ ಬಂದು ನಾಲ್ಕನೆಯದನ್ನು ತೆಗೆದು ತಾಮ್ರದ ಲಿಂಕ್ ಕೂರಿಸುತ್ತೇನೆ. ಹೊಸ ಡಿಬಿ ಅದರ ನಂತರ. ಅತಿಥಿಗಳು ಶನಿವಾರ ಬರುತ್ತಾರೆ ಅಂತ ಮನೆಯವರು ಅವಸರ ಮಾಡಿದರೆ ನನ್ನ ನಂಬರ್ ಕೊಡು, ನಾನು ಮಾತಾಡುತ್ತೇನೆ.