ಎರಡು ಮನೆ, ಎರಡು ಫೋನ್ ಕರೆ: ಬ್ರಾಡ್‌ಬ್ಯಾಂಡ್ ಬಂದ್ ಮಾಡಿಸಿದ ಕತೆ

ಈ ವರ್ಷ ನಾನು ಒಂದೇ ಕಂಪನಿಯ ಎರಡು ಬ್ರಾಡ್‌ಬ್ಯಾಂಡ್ ಕನೆಕ್ಷನ್ ಬಂದ್ ಮಾಡಿಸಬೇಕಾಯಿತು. ಒಂದು ದಾವಣಗೆರೆಯಲ್ಲಿ ನಮ್ಮ ಮನೇದು. ಇನ್ನೊಂದು ಚಿತ್ರದುರ್ಗದಲ್ಲಿ ಅಮ್ಮನ ಮನೇದು. ಅಮ್ಮ ನಮ್ಮ ಜೊತೆ ಇರೋಕೆ ಬಂದಮೇಲೆ ಅಲ್ಲಿ ನೆಟ್ ಬೇಕಾಗಿರಲಿಲ್ಲ. ಎರಡು ಕರೆಗಳಲ್ಲಿ ಎರಡು ಥರ ಮಾತಾಡಿದೆ. ಒಂದು ಸೋತಿತು, ಇನ್ನೊಂದು ತಡವಾಗಿಯಾದರೂ ಗೆದ್ದಿತು.

ಮೊದಲು ದಾವಣಗೆರೆ ಕರೆ. ಜೂನ್ 12ಕ್ಕೆ ಮಾಡಿದೆ. ಕನ್ನಡದ ಆಯ್ಕೆ ಒತ್ತಿದೆ, ಒಬ್ಬ ಹುಡುಗಿ ಬಹಳ ಮರ್ಯಾದೆಯಿಂದ ಮಾತಾಡಿದಳು. ನಾನೂ ನೆಂಟರ ಮನೆಯಲ್ಲಿ ಕೂತವಳ ಹಾಗೆ ಎಲ್ಲ ಹೇಳಿದೆ. ಸಂಜೆ ಹೊತ್ತು ಸ್ಪೀಡ್ ಬರಲ್ಲ ಮೇಡಂ, ಮಗನ ಆನ್‌ಲೈನ್ ಕ್ಲಾಸ್ ನಿಂತು ನಿಂತು ಬರುತ್ತೆ, ಹಾಗಾಗಿ ಬೇಡ ಅನಿಸಿದೆ ಅಂತ. ಆಕೆ "ಬೇಜಾರ್ ಮಾಡ್ಕೋಬೇಡಿ ಮೇಡಂ, ನಾನು ರಿಕ್ವೆಸ್ಟ್ ಹಾಕ್ತೀನಿ" ಅಂದು ಒಂದು ನಂಬರ್ ಕೊಟ್ಟಳು. ಕ್ಯಾಲೆಂಡರ್ ಅಂಚಿನಲ್ಲಿ ಬರೆದುಕೊಂಡು ಕೆಲಸ ಮುಗೀತು ಅಂದುಕೊಂಡೆ.

ಜೂನ್ 14ಕ್ಕೆ ಬಾಗಿಲಲ್ಲಿ ಟೆಕ್ನಿಷಿಯನ್! ಸ್ಪೀಡ್ ನೋಡಿ, ಕೇಬಲ್ ತುದಿ ಬದಲಾಯಿಸಿ ಹೋದ. ಸಂಜೆ ಮೆಸೇಜ್ ಬಂತು, ನಿಮ್ಮ ದೂರು ಪರಿಹಾರವಾಗಿದೆ ಅಂತ. ಜುಲೈ 1ಕ್ಕೆ ಯಥಾಪ್ರಕಾರ ಬಿಲ್, 699 ರೂಪಾಯಿ ಮೇಲೆ ಜಿಎಸ್‌ಟಿ ಸೇರಿ 825. ನಾನು ಬರೆದುಕೊಂಡಿದ್ದ ನಂಬರ್ ಕನೆಕ್ಷನ್ ಬಂದ್ ಮಾಡೋದಕ್ಕಲ್ಲ, ನಿಧಾನ ಸ್ಪೀಡ್ ರಿಪೇರಿಗೆ. ಆ ಹುಡುಗಿ ಸುಳ್ಳು ಹೇಳಿರಲಿಲ್ಲ. ರಿಕ್ವೆಸ್ಟ್ ಹಾಕ್ತೀನಿ ಅಂದಳು, ಹಾಕಿದಳು. ಯಾವುದಕ್ಕೆ ಅಂತ ನಾನು ಕೇಳಿರಲಿಲ್ಲ, ಅಷ್ಟೇ.

ಆಮೇಲೆ ಅರ್ಥವಾಯಿತು. ನಾವು ಕೊಡೋ ಪ್ರತಿ ಕಾರಣಕ್ಕೂ ಅವರ ಹತ್ತಿರ ಒಂದು ಉತ್ತರ ರೆಡಿ ಇರುತ್ತೆ. ಸ್ಪೀಡ್ ಇಲ್ಲ ಅಂದರೆ ಟೆಕ್ನಿಷಿಯನ್, ದುಬಾರಿ ಅಂದರೆ ಡಿಸ್ಕೌಂಟ್, ಮನೆ ಬಿಡ್ತಿದೀವಿ ಅಂದರೆ ಹೊಸ ಮನೆಗೆ ಶಿಫ್ಟಿಂಗ್. ಕಾರಣ ಹೇಳಿದ ಕ್ಷಣ ಮಾತು ಕನೆಕ್ಷನ್ ಬಂದ್ ಮಾಡೋ ವಿಷಯ ಬಿಟ್ಟು ಆ ಕಾರಣದ ಕಡೆ ತಿರುಗುತ್ತೆ.

ಹಾಗಾಗಿ ಜುಲೈ 3ಕ್ಕೆ ಚಿತ್ರದುರ್ಗದ ಕನೆಕ್ಷನ್‌ಗೆ ಫೋನ್ ಮಾಡುವಾಗ ಮೂರು ಸಾಲು ಬರೆದಿಟ್ಟುಕೊಂಡೆ. "ಅಕೌಂಟ್ ನಂಬರ್ ಇದು. ಈ ಕನೆಕ್ಷನ್ ಜುಲೈ 31ಕ್ಕೆ ಬಂದ್ ಮಾಡಿ. ರಿಕ್ವೆಸ್ಟ್ ನಂಬರ್ ಹೇಳಿ, ಅದು ಯಾವ ಕೆಲಸಕ್ಕೆ ಅಂತ ದಾಖಲಾಗಿದೆ ಅದನ್ನೂ ಓದಿ ಹೇಳಿ." ಈ ಸಲ ಒಬ್ಬ ಹುಡುಗ ಸಿಕ್ಕಿದ. ಯಾಕೆ ಮೇಡಂ ಅಂದ. "ಬೇಡ ಆಗಿದೆ, ಬಂದ್ ಮಾಡಿ" ಅಂದೆ. ಒಂದು ತಿಂಗಳು ಫ್ರೀ ಕೊಡ್ತೀವಿ ಅಂದ. ಮತ್ತೆ ಅದೇ ಸಾಲು. ನನಗೇ ನಾನು ಒರಟಾಗಿ ಕೇಳಿಸಿದೆ, ಆದರೆ ದನಿ ಏರಿಸಲಿಲ್ಲ. ಗಿರಾಕಿಯನ್ನು ಉಳಿಸಿಕೊಳ್ಳೋದು ಅವನ ಕೆಲಸ, ಅವನ ಮೇಲೆ ಸಿಟ್ಟು ಮಾಡಿ ಏನು ಸಿಗುತ್ತೆ?

ಕೊನೆಗೆ ಆತ ಬೇರೆ ಅಸ್ತ್ರ ತೆಗೆದ. "ಫೋನಲ್ಲಿ ಬಂದ್ ಮಾಡಕ್ಕೆ ಆಗಲ್ಲ ಮೇಡಂ, ಕನೆಕ್ಷನ್ ಯಾರ ಹೆಸರಲ್ಲಿದೆಯೋ ಅವರೇ ಚಿತ್ರದುರ್ಗದ ಅಂಗಡಿಗೆ ಬರಬೇಕು." ಎಪ್ಪತ್ತು ದಾಟಿದ ಅಮ್ಮನನ್ನ ಇದಕ್ಕೋಸ್ಕರ ಹೈವೇಲಿ ಒಂದು ಗಂಟೆ ಕರಕೊಂಡು ಹೋಗಬೇಕಾ? ಅಮ್ಮ ಪಕ್ಕದಲ್ಲೇ ಇದ್ದರು. ಫೋನ್ ಅವರ ಕೈಗೆ ಕೊಟ್ಟೆ. "ನಾನೇ ಹೇಳ್ತಿದೀನಪ್ಪ, ಬಂದ್ ಮಾಡು" ಅಂದರು. ಆಗಲೂ ಒಲ್ಲೆ ಅಂದ.

ಇಲ್ಲೊಂದು ಸಣ್ಣ ವಿಷಯ ಗೊತ್ತಿದ್ದರೆ ದಾರಿ ಸಲೀಸು. ಟೆಲಿಕಾಂ ಕಂಪನಿಗಳನ್ನು ನಿಯಂತ್ರಿಸೋ ಸರ್ಕಾರಿ ಸಂಸ್ಥೆ ಟ್ರಾಯ್‌ನ 2012ರ ದೂರು ಪರಿಹಾರ ನಿಯಮದಲ್ಲಿ ಕನೆಕ್ಷನ್ ಮುಚ್ಚಿ ಅನ್ನೋದು ಸರ್ವಿಸ್ ರಿಕ್ವೆಸ್ಟ್, ದೂರಲ್ಲ. ಕಂಪನಿಯ ಅಪೀಲು ಅಧಿಕಾರಿಗೆ ಅಪೀಲು ಮಾಡೋಕೆ ಬೇಕಾಗೋದು ದೂರು. ರಿಕ್ವೆಸ್ಟನ್ನು ತೆಗೆದುಕೊಳ್ಳಲ್ಲ ಅಂದಾಗ ಆ ನಿರಾಕರಣೆಯೇ ಒಂದು ದೂರು ಆಗುತ್ತೆ. ಅದಕ್ಕೆ ನಾನು ಹೇಳಿದೆ: "ಸರಿ, ಬಂದ್ ಮಾಡಲು ಒಪ್ಪುತ್ತಿಲ್ಲ ಅಂತಲೇ ದೂರು ದಾಖಲಿಸಿ, ಡಾಕೆಟ್ ನಂಬರ್ ಕೊಡಿ." ಅರ್ಧ ನಿಮಿಷ ಸುಮ್ಮನಿದ್ದು ನಂಬರ್ ಕೊಟ್ಟ. ಒಂದೊಂದೇ ಅಂಕಿ ತಿರುಗಿ ಓದಿ ಹೇಳಿದೆ. ದೂರು ದಾಖಲಾದರೆ ಡಾಕೆಟ್ ನಂಬರ್, ದಿನಾಂಕ, ಎಷ್ಟು ದಿನದಲ್ಲಿ ಪರಿಹಾರ ಅನ್ನೋದು ಎಸ್‌ಎಮ್‌ಎಸ್‌ನಲ್ಲಿ ಬರಬೇಕು. ಅದು ಬರೋವರೆಗೂ ಫೋನ್ ಇಡಲಿಲ್ಲ. ಅಮ್ಮನ ಮೊಬೈಲಿಗೆ ಬಂತು. ಆತನ ಹೆಸರು, ಸಮಯ, ಅಂಗಡಿಗೇ ಬನ್ನಿ ಅಂದ ಮಾತು, ಎಲ್ಲ ಅದೇ ಹಾಳೆಯಲ್ಲಿ ಬರೆದೆ.

ಮುಂದೆ ಹೋಗೋ ದಾರಿಯಲ್ಲೂ ಎರಡು ಪ್ರಯೋಗ ಮಾಡಿದೆ. ದಾವಣಗೆರೆ ಕನೆಕ್ಷನ್‌ಗೆ ಮತ್ತೆ ಫೋನ್ ಹಚ್ಚಿ "ನಿಮ್ಮ ಸೀನಿಯರ್‌ಗೆ ಕೊಡಿ" ಅಂತ ಹಟ ಹಿಡಿದೆ. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿ, 48 ಗಂಟೆಯಲ್ಲಿ ಅವರೇ ಫೋನ್ ಮಾಡ್ತಾರೆ ಅಂದರು. ಮಾಡಲಿಲ್ಲ. ಸೀನಿಯರ್ ಅನ್ನೋರು ಬಹುಶಃ ಪಕ್ಕದ ಕುರ್ಚಿಯವರೇ ಇರಬೇಕು. ಆ ಮಾತಿಗೆ ನಂಬರೂ ಇಲ್ಲ, ಗಡುವೂ ಇಲ್ಲ.

ಚಿತ್ರದುರ್ಗದ ದೂರನ್ನು ಅಪೀಲಿಗೆ ಒಯ್ದೆ. ಟೆಲಿಕಾಂ ಕಂಪನಿಗಳಲ್ಲಿ ಅಪೀಲು ಅಧಿಕಾರಿ ಇರಬೇಕು. ಅವರ ಇಮೇಲ್, ವಿಳಾಸ tccms.trai.gov.in ನಲ್ಲಿ ಸಿಗುತ್ತೆ. ಶುಲ್ಕ ಇಲ್ಲ. ದೂರಿಗೆ ಕೊಟ್ಟ ಗಡುವು ಮುಗಿದಮೇಲೆ, ಅಥವಾ ಕೊಟ್ಟ ಪರಿಹಾರ ಒಪ್ಪಿಗೆಯಾಗದಿದ್ದರೆ, 30 ದಿನದೊಳಗೆ ಕಳಿಸಬೇಕು. ಅವರು 39 ದಿನದಲ್ಲಿ ತೀರ್ಮಾನ ಮಾಡಬೇಕು. ಟ್ರಾಯ್‌ಗೇ ನೇರ ಬರೆದರೆ ಪ್ರಯೋಜನ ಇಲ್ಲ, ಅವರು ಒಬ್ಬೊಬ್ಬರ ದೂರು ಬಿಡಿಸಲ್ಲ.

ನನ್ನ ದೂರನ್ನ ನಾಲ್ಕೇ ದಿನಕ್ಕೆ "ಗ್ರಾಹಕರಿಗೆ ತಿಳಿಹೇಳಲಾಗಿದೆ" ಅಂತ ಮುಚ್ಚಿದ್ದರು. ಅವತ್ತೇ ರಾತ್ರಿ ಅಮ್ಮನ ಹೆಸರಲ್ಲಿ ಇಮೇಲ್ ಬರೆದೆ. ಅಕೌಂಟ್ ನಂಬರ್, ಡಾಕೆಟ್ ನಂಬರ್, ಜುಲೈ 3ರ ಕರೆಯಲ್ಲಿ ಅವರು ಹೇಳಿದ್ದು, ನಮಗೆ ಬೇಕಾದ್ದು ಎರಡು: ಜುಲೈ 31ಕ್ಕೆ ಮುಕ್ತಾಯ, ಡೆಪಾಸಿಟ್ ವಾಪಸ್. ಎಂಟು ಸಾಲು. ಸಿಟ್ಟಿನ ಒಂದು ಸಾಲು ಇತ್ತು, ಕಳಿಸೋ ಮುಂಚೆ ಅಳಿಸಿದೆ. ಹನ್ನೊಂದನೇ ದಿನ ಕಂಪನಿಯಿಂದ ಫೋನ್ ಬಂತು, ಯಾರೂ ಎಲ್ಲಿಗೂ ಬರೋದು ಬೇಡ, ಮುಚ್ಚುತ್ತೀವಿ ಅಂತ.

ದಾವಣಗೆರೇದಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಮಾಡಿದ್ದೆ. ಅವರೂ ನಂಬರ್ ಕೊಟ್ಟು ದೂರನ್ನು ಕಂಪನಿಗೆ ದಾಟಿಸಿದರು. ಆದೇಶ ಕೊಡೋ ಅಧಿಕಾರ ಅವರಿಗಿಲ್ಲ, ಮಧ್ಯೆ ನಿಂತು ಕೇಳಬಹುದಷ್ಟೆ. ಟೆಲಿಕಾಂ ವಿಷಯದಲ್ಲಿ ನಾನು ಅಪೀಲನ್ನೇ ಮೊದಲು ಹಿಡಿಯುತ್ತೇನೆ. ಜಿಮ್, ಟ್ಯೂಷನ್ ಆ್ಯಪ್ ಥರದವಕ್ಕೆ ಈ ಅಪೀಲು ಇಲ್ಲ, ಅಲ್ಲಿ 1915 ಬೇಕಾಗುತ್ತೆ. ಅದಕ್ಕೂ ಮಣಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ.

ಬ್ಯಾಂಕಿನಲ್ಲಿ ಆಟೋಪೇ ನಿಲ್ಲಿಸಿದರೆ ಸಾಕು ಅಂತ ನಮ್ಮೆಜಮಾನರು ಹೇಳಿದ್ದರು. ನಾನು ಒಪ್ಪಲಿಲ್ಲ. ದುಡ್ಡು ಹೋಗೋದು ನಿಲ್ಲುತ್ತೆ, ಕನೆಕ್ಷನ್ ನಿಲ್ಲಲ್ಲ. ಬಿಲ್ ಬಾಕಿ ಅಂತ ಏರುತ್ತಾ ಹೋಗುತ್ತೆ. ಮುಕ್ತಾಯದ ಮೆಸೇಜ್ ಬಂದಮೇಲೆ ನಿಲ್ಲಿಸಿದೆ.

ಕೊನೆಗೆ ದಾವಣಗೆರೆ ಕನೆಕ್ಷನ್‌ಗೂ ಅದೇ ಮೂರು ಸಾಲು ಓದಿದೆ. ಈ ಸಲ ಮೊದಲ ಕರೆಗೇ ಒಪ್ಪಿದರು. ರೂಟರ್ ಒಯ್ಯಲು ಬಂದ ಹುಡುಗ ರಸೀದಿ ಬೇಡ ಮೇಡಂ, ಸಿಸ್ಟಮ್‌ನಲ್ಲಿ ಇರುತ್ತೆ ಅಂದ. ರೂಟರ್ ಹಿಂದಿನ ಸೀರಿಯಲ್ ನಂಬರಿನ ಫೋಟೋ ತೆಗೆದುಕೊಂಡು, ಒಂದು ಚೀಟಿಯಲ್ಲಿ ಅದನ್ನೇ ಬರೆದು ಅವನ ಸಹಿ ಹಾಕಿಸಿಕೊಂಡೇ ರೂಟರ್ ಕೊಟ್ಟೆ.