ಮನೆಯಲ್ಲಿ ವಾರ್ಫರಿನ್ ತೆಗೆದುಕೊಳ್ಳುವವರಿದ್ದರೆ ಈ "ಹಾರ್ಟ್ ಪ್ಯಾಕ್" ಕೊಳ್ಳಬೇಡಿ

ಬರೆಯಬೇಕೋ ಬೇಡವೋ ಎಂದು ಹದಿನೈದು ದಿನ ಯೋಚಿಸಿದೆ. ನಾಚಿಕೆಯಾಗುತ್ತದೆ, ಯಾಕೆಂದರೆ ಹಣ ಕೊಟ್ಟು ತಂದವಳು ನಾನೇ. ಆದರೆ ಬರುವ ಭಾನುವಾರ ಬದಿಯಡ್ಕದ ಹತ್ತಿರ ಅದೇ ಮಾತ್ರೆಯ "ಆರೋಗ್ಯ ಮಾಹಿತಿ ಶಿಬಿರ" ಮತ್ತೆ ಉಂಟಂತೆ. ಹಾಗಾಗಿ ಬರೆಯುತ್ತಿದ್ದೇನೆ.

ಅಮ್ಮನಿಗೆ ಹೃದಯದ ವಾಲ್ವ್ ಬದಲಾಯಿಸಿ ಹತ್ತು ವರ್ಷ ದಾಟಿತು. ಲೋಹದ ವಾಲ್ವ್. ಅದರ ಮೇಲೆ ರಕ್ತ ಹೆಪ್ಪುಗಟ್ಟಬಾರದು ಎಂದು ದಿನವೂ ರಾತ್ರಿ ವಾರ್ಫರಿನ್ 5 ಮಿಲಿಗ್ರಾಂ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡುವ ಐಎನ್‌ಆರ್ ಪರೀಕ್ಷೆ ತಿಂಗಳಿಗೊಮ್ಮೆ. ಅಮ್ಮನಿಗೆ ಅದು 2.5ರಿಂದ 3.5ರ ಒಳಗೆ ಇರಬೇಕು. ಕಡಿಮೆಯಾದರೆ ವಾಲ್ವ್ ಕಟ್ಟಿಕೊಳ್ಳುವ ಭಯ, ಜಾಸ್ತಿಯಾದರೆ ರಕ್ತಸ್ರಾವದ ಭಯ. ವಾರ್ಫರಿನ್ ತೆಗೆದುಕೊಳ್ಳುವವರ ಮನೆಯಲ್ಲಿ ಇದು ಎಲ್ಲರಿಗೂ ಗೊತ್ತಿರುವ ಲೆಕ್ಕವೇ. ಕಳೆದ ಮಳೆಗಾಲದವರೆಗೆ ಅಮ್ಮನದ್ದು 2.8, 3.0, 2.9, ಹೀಗೆ ಸರಿಯಾಗಿಯೇ ಇತ್ತು.

ಜೂನ್‌ನಲ್ಲಿ ನಮ್ಮ ಭಜನಾ ಮಂದಿರದಲ್ಲಿ ನಿತ್ಯ ಸಿಗುವ ಒಬ್ಬರು ಅಕ್ಕ ಮನೆಗೆ ಬಂದರು. ಹೆಸರು ಹೇಳುವುದಿಲ್ಲ. ಮೂರು ಡಬ್ಬಿಯ ಪ್ಯಾಕ್: ಮೀನೆಣ್ಣೆ ಕ್ಯಾಪ್ಸೂಲ್, ನೆನಪಿನ ಶಕ್ತಿಗೆ ಗಿಂಕ್ಗೋ, ಮೂಳೆಗೆ ಕ್ಯಾಲ್ಸಿಯಂ. 4,800 ರೂಪಾಯಿ. ಜೊತೆಗಿದ್ದ ಚೀಟಿ ಪೂರ್ತಿ ಮಲಯಾಳದಲ್ಲಿ. ಅಮ್ಮ ಕನ್ನಡ ಶಾಲೆಯಲ್ಲಿ ಓದಿದವಳು, ಅವಳಿಗೆ ಆ ಅಕ್ಷರ ಓದಲು ಬರುವುದಿಲ್ಲ. ನಾನು ಕೇಳಿದೆ, ಕೇಳಿಯೇ ಕೇಳಿದೆ: "ಅಕ್ಕಾ, ಅಮ್ಮ ರಕ್ತ ತೆಳುವಾಗುವ ಮಾತ್ರೆ ತೆಗೊಳ್ತಾರೆ, ತೊಂದರೆ ಇಲ್ವಾ?" ಅವರು ಹೇಳಿದ್ದು: "ಇದು ಔಷಧಿಯೇ ಅಲ್ಲ ಮಾರಾಯ್ತಿ, ಆಹಾರ. ಡಾಕ್ಟರಿಗೆ ಹೇಳುವ ಅಗತ್ಯವೂ ಇಲ್ಲ." ದಿನಾ ಭೂತಾಯಿ, ಬಂಗುಡೆ ಬೇಯುವ ಮನೆಗೆ ಮೀನೆಣ್ಣೆ ಕ್ಯಾಪ್ಸೂಲ್ ಯಾಕೆ ಎಂದು ಆಗಲೇ ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಮೂರು ವಾರ ಬಿಟ್ಟು ಪರೀಕ್ಷೆ ಮಾಡಿಸಿದರೆ ಐಎನ್‌ಆರ್ 1.6. ಮಂಗಳೂರಿನ ಡಾಕ್ಟರು ಕೇಳಿದರು, ಮಾತ್ರೆ ತಪ್ಪಿಸಿದ್ದೀರಾ? ಇಲ್ಲ. ಬಸಳೆ, ಹರಿವೆ, ನುಗ್ಗೆಸೊಪ್ಪು ಹೊಸದಾಗಿ ಜಾಸ್ತಿ ತಿಂದಿರಾ? ಇಲ್ಲ. ಬೇರೆ ಔಷಧಿ? ಇಲ್ಲ ಎಂದೆವು. ಔಷಧಿಯೇ ಅಲ್ಲ ಎಂದು ನಮಗೆ ಹೇಳಿಬಿಟ್ಟಿದ್ದರಲ್ಲ! ಡಾಕ್ಟರು ವಾರ್ಫರಿನ್ 6 ಮಾಡಿದರು. ವಾರ ಬಿಟ್ಟು 1.9. ಆಮೇಲೆ 7 ಮಾಡಿದರು. ಆಗ 2.7ಕ್ಕೆ ಬಂತು. ನಮಗೆ ಸಮಾಧಾನ. ಮುಂದಿನ ಪರೀಕ್ಷೆ ತಿಂಗಳು ಬಿಟ್ಟು ಎಂದರು.

ಆಗಸ್ಟ್ ಮಧ್ಯದಲ್ಲಿ ಕ್ಯಾಲ್ಸಿಯಂ ಡಬ್ಬಿ ಖಾಲಿಯಾಯಿತು. ಉಳಿದೆರಡು ಡಬ್ಬಿ ಇನ್ನೂ ಇತ್ತು, ಅಮ್ಮ ಅದನ್ನು ಮುಂದುವರಿಸಿದಳು. ಸುಮಾರು ಹತ್ತು ದಿನ ಕಳೆದ ಮೇಲೆ ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ. ಮೊಣಕೈ ಮೇಲೆ ಅಂಗೈಯಗಲ ನೀಲಿ ಕಲೆ, ಎಲ್ಲಿಯೂ ಬಡಿದ ನೆನಪಿಲ್ಲ. ಮಳೆಗೆ ಜಾರಿ ತಾಗಿರಬಹುದು ಎಂದುಕೊಂಡೆವು. ಮತ್ತೆ ನಾಲ್ಕು ದಿನಕ್ಕೆ ರಾತ್ರಿ ಎರಡು ಗಂಟೆಗೆ ಮೂಗಿನಿಂದ ರಕ್ತ. ಒತ್ತಿ ಹಿಡಿದರೂ ನಿಲ್ಲಲಿಲ್ಲ. ಒಂದು ಬೈರಾಸು ಪೂರ್ತಿ ಕೆಂಪಾಯಿತು. ತಲಪಾಡಿ ದಾಟಿ ಮಂಗಳೂರು ಮುಟ್ಟುವವರೆಗೆ ನಾನು ಅಮ್ಮನ ಮೂಗು ಹಿಡಿದುಕೊಂಡೇ ಕೂತಿದ್ದೆ. ಐಎನ್‌ಆರ್ 5.8.

ಮೂಗಿಗೆ ಬಟ್ಟೆ ತುರುಕಿ ರಕ್ತ ನಿಲ್ಲಿಸಿದರು, ವಾರ್ಫರಿನ್ ನಿಲ್ಲಿಸಿದರು. ವಾರ್ಫರಿನ್ ಇಳಿಸಲು ವಿಟಮಿನ್ ಕೆ ಕೊಡುವುದುಂಟು, ಆದರೆ ಲೋಹದ ವಾಲ್ವ್ ಇರುವವರಿಗೆ ಜಾಸ್ತಿ ಕೊಟ್ಟರೆ ವಾಲ್ವೇ ಕಟ್ಟಿಕೊಳ್ಳಬಹುದು ಎಂದು ಕಾದು ನೋಡಿದರು. ಎರಡು ರಾತ್ರಿ ಹಾಗೆ ಕಳೆಯಿತು.

ಮರುದಿನ ತಮ್ಮ ಡಬ್ಬಿಗಳನ್ನೆಲ್ಲ ತಂದ. ಡಾಕ್ಟರು ಕ್ಯಾಲ್ಸಿಯಂ ಡಬ್ಬಿಯನ್ನು ತಿರುಗಿಸಿ, ಹಿಂದಿನ ಸಣ್ಣ ಅಕ್ಷರದ ಮೇಲೆ ಪೆನ್ನು ಇಟ್ಟು ನನಗೆ ತೋರಿಸಿದರು. "ವಿಟಮಿನ್ ಕೆ2-7, 45 ಮೈಕ್ರೋಗ್ರಾಂ." ಅದರ ಕೆಳಗೆ "ಔಷಧಿಯಾಗಿ ಬಳಸಲು ಅಲ್ಲ" ಎಂದು ಇಂಗ್ಲಿಷಿನಲ್ಲಿ. ನನಗೆ ಇಂಗ್ಲಿಷ್ ಓದಲು ಬರುತ್ತದೆ. ಎರಡು ತಿಂಗಳು ಆ ಡಬ್ಬಿ ನಮ್ಮ ಊಟದ ಮೇಜಿನ ಮೇಲೆಯೇ ಇತ್ತು. ಒಂದು ದಿನವೂ ತಿರುಗಿಸಿ ನೋಡಲಿಲ್ಲ. ಆ ಹೊತ್ತು ನನಗೆ ಆದದ್ದನ್ನು ಹೇಳಲಿಕ್ಕೆ ಬರುವುದಿಲ್ಲ.

ಡಾಕ್ಟರು ಬಿಡಿಸಿ ಹೇಳಿದ್ದು ಹೀಗೆ. ರಕ್ತ ಹೆಪ್ಪುಗಟ್ಟಿಸುವ ಕೆಲವು ಅಂಶಗಳನ್ನು ಪಿತ್ತಜನಕಾಂಗ ತಯಾರು ಮಾಡಲು ವಿಟಮಿನ್ ಕೆ ಬೇಕು. ವಾರ್ಫರಿನ್ ತಡೆಯುವುದು ಅದನ್ನೇ. ಕೆ2-7 ಎಂಬ ಬಗೆ ದೇಹದಲ್ಲಿ ದಿನಗಟ್ಟಲೆ ಉಳಿಯುತ್ತದೆ, ದಿನಾ ತಿಂದರೆ ಕೂಡುತ್ತಾ ಹೋಗುತ್ತದೆ. ಹಾಗಾಗಿ ಪ್ರಮಾಣ ಸಣ್ಣದಾದರೂ ವಾರ್ಫರಿನ್ ಸೋಲುತ್ತದೆ. ಅದಕ್ಕೇ 1.6ಕ್ಕೆ ಇಳಿದದ್ದು. ಅದನ್ನು ಮೀರಿಸಲು ಡಾಕ್ಟರು ವಾರ್ಫರಿನ್ 7ಕ್ಕೆ ಏರಿಸಿದರು. ಡಬ್ಬಿ ಖಾಲಿಯಾದಾಗ ಎದುರಾಳಿ ಹೋಯಿತು, 7 ಮಿಲಿಗ್ರಾಂ ಹಾಗೇ ಉಳಿಯಿತು. ಐಎನ್‌ಆರ್ ಏರಿದ್ದು ಹಾಗೆ. ತಿನ್ನಲು ಶುರು ಮಾಡಿದ್ದೂ ಅಪಾಯ, ಹೇಳದೆ ನಿಲ್ಲಿಸಿದ್ದು ಅದಕ್ಕಿಂತ ದೊಡ್ಡ ಅಪಾಯ.

ಗಿಂಕ್ಗೋ ಮತ್ತು ಮೀನೆಣ್ಣೆಯ ಕತೆ ಬೇರೆ. ಅವು ಕೆಲಸ ಮಾಡುವುದು ರಕ್ತದಲ್ಲಿರುವ ಪ್ಲೇಟ್‌ಲೆಟ್ ಎಂಬ ಸಣ್ಣ ಕಣಗಳ ಮೇಲೆ, ಆ ಕಣಗಳು ಒಂದಕ್ಕೊಂದು ಅಂಟುವುದನ್ನು ಕಡಿಮೆ ಮಾಡಬಲ್ಲವು. ಐಎನ್‌ಆರ್ ಪ್ಲೇಟ್‌ಲೆಟ್ ಅಳೆಯುವ ಪರೀಕ್ಷೆಯೇ ಅಲ್ಲ. ಅಂದರೆ ಚೀಟಿಯಲ್ಲಿ 2.7 ಎಂದು ಚಂದ ಬಂದರೂ ರಕ್ತಸ್ರಾವದ ಅಪಾಯ ಜಾಸ್ತಿಯಾಗಿರಬಹುದು. ದಿನಕ್ಕೆ ಒಂದು ಮೀನೆಣ್ಣೆ ಕ್ಯಾಪ್ಸೂಲಿನಿಂದ ಸಾಮಾನ್ಯವಾಗಿ ಅಷ್ಟು ತೊಂದರೆಯಾಗುವುದಿಲ್ಲ, ಹೆಚ್ಚು ಪ್ರಮಾಣಕ್ಕೆ ಹೆದರಬೇಕು ಎಂದರು. ಗಿಂಕ್ಗೋ ಮಾತ್ರ ವಾರ್ಫರಿನ್ ಜೊತೆ ಬೇಡವೇ ಬೇಡ ಎಂದರು. ಮೀನು ಸಾರಿಗೆ ಏನೂ ಅಡ್ಡಿಯಿಲ್ಲ. ವಿಟಮಿನ್ ಕೆ ಇರುವ ಬಸಳೆಯನ್ನೂ ಬಿಡುವುದು ಬೇಡ, ವಾರಕ್ಕೆ ಎಷ್ಟು ತಿನ್ನುತ್ತೀರೋ ಅಷ್ಟೇ ತಿನ್ನುತ್ತಿರಿ ಎಂದರು.

ಆಸ್ಪತ್ರೆಯಿಂದಲೇ ಆ ಅಕ್ಕನಿಗೆ ಫೋನ್ ಮಾಡಿದೆ. ಮೊದಲ ಉತ್ತರ: "ಅದು ದೇಹದ ಕೊಳೆ ಹೊರಗೆ ಹೋಗುವುದು ತಂಗಿ, ನಿಲ್ಲಿಸಬೇಡಿ." ಅಮ್ಮನ ರಕ್ತ ಕೊಳೆಯಾ? ಡಬ್ಬಿಯ ಹಿಂದಿನ ಬರಹದ ಫೋಟೋ ಕಳಿಸಿದೆ. ಆಗ ಬಂದದ್ದು: "ಡಬ್ಬಿಯಲ್ಲಿ ಬರೆದೇ ಇದೆಯಲ್ಲ, ಓದಿಕೊಳ್ಳುವುದು ನಿಮ್ಮ ಜವಾಬ್ದಾರಿ." ನಾನು ಕೇಳಿದಾಗ ಡಾಕ್ಟರಿಗೆ ಹೇಳುವ ಅಗತ್ಯವಿಲ್ಲ ಎಂದವರು ಇವರೇ! ಕೊನೆಗೆ, "ನಾವು ಎಷ್ಟೋ ಜನರಿಗೆ ಕೊಟ್ಟಿದ್ದೇವೆ, ಯಾರೂ ಹೀಗೆ ಹೇಳಿಲ್ಲ." ಆಮೇಲೆ ಫೋನ್ ಎತ್ತಲಿಲ್ಲ. ಹಣ ಬೇಡ ನನಗೆ. ವಾರ್ಫರಿನ್ ತೆಗೆದುಕೊಳ್ಳುವವರಿಗೆ ಇದನ್ನು ಕೊಡಬೇಡಿ ಎಂದಷ್ಟೇ ಬರೆದು ಕಳಿಸಿದೆ. ಓದಿದ್ದಾರೆ, ಉತ್ತರವಿಲ್ಲ.

ನಿಮ್ಮ ಮನೆಯಲ್ಲಿ ವಾರ್ಫರಿನ್ ಇದ್ದರೆ, ಯಾವ ಡಬ್ಬಿಯಾದರೂ ಹಿಂದೆ ತಿರುಗಿಸಿ ವಿಟಮಿನ್ ಕೆ ಹುಡುಕಿ, ಮುಖ್ಯವಾಗಿ ಮೂಳೆಯ ಮಾತ್ರೆಗಳಲ್ಲಿ. ಡಾಕ್ಟರ ಹತ್ತಿರ ಹೋಗುವಾಗ ಡಬ್ಬಿಯನ್ನೇ ತೆಗೆದುಕೊಂಡು ಹೋಗಿ. ಈಗಾಗಲೇ ತಿನ್ನುತ್ತಿದ್ದರೆ ಈ ಬರಹ ಓದಿ ಹೆದರಿ ಇವತ್ತೇ ನಿಲ್ಲಿಸಬೇಡಿ, ಮೊದಲು ಡಾಕ್ಟರಿಗೆ ಫೋನ್ ಮಾಡಿ, ಐಎನ್‌ಆರ್ ಯಾವಾಗ ಮಾಡಿಸಬೇಕು ಕೇಳಿ. ರಕ್ತ ನಿಲ್ಲದಿದ್ದರೆ, ಮಲ ಕಪ್ಪಾದರೆ, ತಲೆಗೆ ಪೆಟ್ಟು ಬಿದ್ದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಅಮ್ಮ ಈಗ ಮತ್ತೆ 5 ಮಿಲಿಗ್ರಾಂನಲ್ಲಿದ್ದಾಳೆ. ನಿನ್ನೆ 2.9 ಬಂತು. ಕೈಯ ಕಲೆ ಹಳದಿಗೆ ತಿರುಗಿದೆ. ಭಾನುವಾರದ ಶಿಬಿರಕ್ಕೆ ನಾನು ಆ ಡಬ್ಬಿ ಹಿಡಿದುಕೊಂಡು ಹೋಗುತ್ತೇನೆ.