ಎರಡು ಫಾರೆಕ್ಸ್ ಕಾರ್ಡ್, ಎರಡು ಸ್ಟೇಟ್‌ಮೆಂಟ್

ಮಗಳನ್ನು ನೋಡಲು ಜರ್ಮನಿಗೆ ಹೋಗುವಾಗ ನಾನು ಹಾಸನದ ಒಂದು ಬ್ಯಾಂಕಿನಲ್ಲಿ ಫಾರೆಕ್ಸ್ ಕಾರ್ಡ್ ಮಾಡಿಸಿದೆ. ನನ್ನ ಹೆಂಡತಿ ಮೊಬೈಲ್ ಆ್ಯಪ್‌ನಲ್ಲಿ ಸಿಗುವ ಕಾರ್ಡ್ ತರಿಸಿಕೊಂಡಳು. ಒಂದೇ ದಿನ ಇಬ್ಬರೂ ತಲಾ 1,000 ಯೂರೋ ಹಾಕಿಸಿದೆವು. ಇನ್ನು ಮುಂದೆ ಅವಳದರಂಥ ಕಾರ್ಡೇ ನನಗೂ ಸಾಕು.

ಬ್ಯಾಂಕಿನಲ್ಲಿ ಲೋಡಿಂಗ್ ಶುಲ್ಕ ಇಲ್ಲ ಅಂದಾಗ ಖುಷಿಯಾಗಿತ್ತು. ಸ್ಟೇಟ್‌ಮೆಂಟಿನಲ್ಲೂ 1,000 ಯೂರೋ ಜಮಾ ಅಂತ ಮಾತ್ರ ಇತ್ತು, ಯಾವ ರೇಟಿಗೆ ಅಂತ ಇರಲಿಲ್ಲ. ಅದಕ್ಕೆ ಹಣ ಕಟ್ಟಿದ ರಸೀದಿ ತೆಗೆದೆ. ಕಟ್ಟಿದ್ದು 92,767 ರೂಪಾಯಿ. ಅದರಲ್ಲಿ ಜಿಎಸ್‌ಟಿ 167 ಕಳೆದು ಸಾವಿರದಿಂದ ಭಾಗಿಸಿದರೆ ಯೂರೋಗೆ 92.60 ಬಿತ್ತು. ಅವತ್ತಿನ ಮಾರುಕಟ್ಟೆ ದರ 90 ಇತ್ತು. ಅಂದರೆ ಶುಲ್ಕ ರೇಟಿನೊಳಗೇ ಸೇರಿತ್ತು. ಹೆಂಡತಿಗೆ ರೇಟ್ 90.45. ಲೋಡಿಂಗ್ ಶುಲ್ಕ 177 ಮತ್ತು ಜಿಎಸ್‌ಟಿ ಸೇರಿಸಿದರೂ ಒಟ್ಟು 90,790. ಹೋಲಿಸುವವರು ಮಾರುಕಟ್ಟೆ ದರಕ್ಕೆ ಎಫ್‌ಬಿಐಎಲ್ ಅನ್ನುವ ಸಂಸ್ಥೆ ಪ್ರಕಟಿಸುವ, ಹಣ ಹಾಕಿಸಿದ ದಿನದ ರೆಫರೆನ್ಸ್ ರೇಟ್ ಪಕ್ಕಕ್ಕಿಟ್ಟುಕೊಳ್ಳಿ. ಇವತ್ತಿನ ದರ ಹಿಡಿದರೆ ಲೆಕ್ಕ ತಪ್ಪುತ್ತದೆ.

ಅಂಗಡಿಗಳಲ್ಲಿ ಎರಡೂ ಚೆನ್ನಾಗಿಯೇ ನಡೆದವು.

ನನಗೆ ಬೇಜಾರಾಗಿದ್ದು ಉಳಿದ ಹಣದ ವಿಷಯದಲ್ಲಿ. ಹೋಟೆಲಿನವರು ಡಿಪಾಸಿಟ್ ಅಂತ ತಡೆಹಿಡಿದಿದ್ದ 140 ಯೂರೋ ನಾವು ಊರಿಗೆ ಬಂದ ಮೇಲೆ ಬಿಡುಗಡೆಯಾಯಿತು. ಮುಂದಿನ ಸಲಕ್ಕೆ ಇರಲಿ ಅಂತ ಕಾರ್ಡನ್ನು ಬೀರುವಿನಲ್ಲಿಟ್ಟೆ. ಸುಮಾರು ಒಂದು ವರ್ಷದ ಮೇಲೆ ಹೆಂಡತಿ ಸ್ಟೇಟ್‌ಮೆಂಟ್ ನೋಡಿ, “ರೀ, ತಿಂಗಳು ತಿಂಗಳು ಮೂರು ಯೂರೋ ಹೋಗ್ತಿದೆಯಲ್ಲ, ಏನಿದು?” ಅಂದಳು. `INACTIVITY FEE` ಅಂತ ಐದು ಸಾಲು! 180 ದಿನ ಕಾರ್ಡ್ ಬಳಸದಿದ್ದರೆ ಆಮೇಲೆ ಪ್ರತಿ ತಿಂಗಳೂ ಕಡಿತ ಅಂತ ಶುಲ್ಕದ ಪಟ್ಟಿಯಲ್ಲಿತ್ತು. ನಾನು ಆಗಾಗ ಬ್ಯಾಲೆನ್ಸ್ ನೋಡುತ್ತಿದ್ದೆ, ಆದರೆ ಅದು ಬಳಕೆಯ ಲೆಕ್ಕಕ್ಕೆ ಬರುವುದಿಲ್ಲ. ಮೂರು ಯೂರೋ ಅಂದರೆ ಚಿಕ್ಕ ಅಂಕಿ ಅನ್ನಿಸುತ್ತದೆ, ಅಲ್ವಾ? ರೂಪಾಯಿಯಲ್ಲಿ ತಿಂಗಳಿಗೆ 270ರ ಮೇಲಾಯಿತು.

ಉಳಿದ 125 ಯೂರೋ ವಾಪಸ್ ಕೇಳಲು ಶಾಖೆಗೆ ಹೋಗಿ ಫಾರ್ಮ್ ತುಂಬಿದೆ. ಮಾರುಕಟ್ಟೆಯಲ್ಲಿ 91 ಇದ್ದ ದಿನ ನನಗೆ ಕೊಟ್ಟಿದ್ದು 88.20. ನಮ್ಮಿಂದ ಕೊಳ್ಳುವ ರೇಟ್ ಬೇರೆ, ಮಾರುವ ರೇಟ್ ಬೇರೆ. ಖಾತೆಗೆ ಬಂದಿದ್ದು 11,025. ಆ 140 ಯೂರೋಗೆ ಅವತ್ತಿನ ಬೆಲೆ 12,740 ಆಗುತ್ತಿತ್ತು.

ಹೆಂಡತಿ ಬಂದ ಮೂರನೇ ವಾರವೇ ತನ್ನ 62 ಯೂರೋವನ್ನು ಆ್ಯಪ್‌ನಲ್ಲೇ ವಾಪಸ್ ಹಾಕಿದ್ದಳು. ಖಚಿತಪಡಿಸುವ ಮುಂಚೆಯೇ ರೂಪಾಯಿ ಎಷ್ಟು ಬರುತ್ತದೆ ಅಂತ ಪರದೆಯಲ್ಲಿ ತೋರಿಸಿತ್ತು. ಅವಳ ಕಾರ್ಡಿಗೂ ಬಳಸದಿದ್ದರೆ ಶುಲ್ಕ ಇದೆ, ಆದರೆ ಒಂದು ವರ್ಷದ ಮೇಲೆ.

ಎದುರಿಗೆ ಕೂತು ವಿವರಿಸುವವರು ಬೇಕು ಅನ್ನುವವರಿಗೆ ಬ್ಯಾಂಕಿನ ಕಾರ್ಡ್ ಸರಿ. ನಾವು ಹೋಗುವುದು ಎರಡು ವರ್ಷಕ್ಕೊಮ್ಮೆ, ಕಾರ್ಡ್ ಇಟ್ಟು ಮರೆಯುವುದು ನನ್ನ ಅಭ್ಯಾಸ. ನನಗೆ ಆ್ಯಪ್‌ನದೇ ಬೇಕು. ವಾಪಸ್ ಬಂದ ತಿಂಗಳೊಳಗೆ ಅದನ್ನೂ ಖಾಲಿ ಮಾಡುತ್ತೇನೆ.